ಆ್ಯಂಕರ್‌ಗಳ ಮೂವತ್ತು ದಿನ

ಶಾಂಭವಿ ಸಿಡ್ನಿಯ ಆಫೀಸಿನಲ್ಲಿ ಚಹಾ ಮಾಡಿಕೊಳ್ಳುತ್ತಿದ್ದಾಗ ಮೆಲ್ಬರ್ನಿನ ಪಾಯಿಂಟ್ ಕುಕ್‌ನಿಂದ ತಮ್ಮ ವಿರುಪಾಕ್ಷನ ಫೋನ್ ಬಂತು.

"ಅಕ್ಕಾ, ಈ ಐಪಿಒ ಬಿಡಬ್ಯಾಡ. ಗ್ರೇ ಮಾರ್ಕೆಟ್‌ನ್ಯಾಗ ನಲವತ್ತು ಪರ್ಸೆಂಟ್ ಪ್ರೀಮಿಯಂ ಐತಿ. ಎಲ್ಲಾರಕಿಂತ ಮೊದಲ ಶೇರು ತಗೊಳ್ಳೋ ಆ್ಯಂಕರ್ ಆಗಿ ದೊಡ್ಡ ದೊಡ್ಡ ಫಂಡ್ ಬಂದಾವ."

ಭಾರತದ ಬ್ಯಾಂಕಿನಲ್ಲಿದ್ದ ಅವಳ ಎನ್‌ಆರ್‌ಇ ಖಾತೆಯಲ್ಲಿ ಇದ್ದದ್ದು ಹುಬ್ಬಳ್ಳಿಯ ಅಪ್ಪ, ಅವ್ವ ಇಬ್ಬರ ಪೇರೆಂಟ್ ವೀಸಾಕ್ಕೆ ಕಟ್ಟಬೇಕಾದ ಕೊನೆಯ ಕಂತು. ಹಣ ಕಟ್ಟಿ ಎಂಬ ಆಸ್ಟ್ರೇಲಿಯಾ ಸರ್ಕಾರದ ಕರೆ ಬರಲು ಇನ್ನೂ ತಿಂಗಳುಗಳಿವೆ ಎಂದುಕೊಂಡು ಅಷ್ಟನ್ನೂ ಹಾಕಿದಳು.

ಕೇಳಿದಷ್ಟೂ ಶೇರು ಸಿಕ್ಕವು. ಅಲ್ಲೇ ಎಚ್ಚರಾಗಬೇಕಿತ್ತು. ನಲವತ್ತು ಪರ್ಸೆಂಟ್ ಲಾಭದ ಮಾಲು ಕೇಳಿದವರಿಗೆಲ್ಲ ಹಂಚಿ ಉಳಿಯುವುದುಂಟೇ? ಗ್ರೇ ಮಾರ್ಕೆಟ್ ಬೆಲೆಯೆಂದರೆ ಯಾವ ಲೆಕ್ಕಪತ್ರಕ್ಕೂ ಸಿಗದ ಬಾಯಿಮಾತು. ನಾಲ್ಕು ಜನ ಸೇರಿದರೆ ಏರುತ್ತದೆ, ಸುಮ್ಮನಾದರೆ ಇಳಿಯುತ್ತದೆ. ಶೇರು ಪೇಟೆಗೆ ಬಂದ ಲಿಸ್ಟಿಂಗ್ ದಿನ ಅದು ಕೊಂಡ ಬೆಲೆಗೇ ತೆರೆಯಿತು.

"ಆ್ಯಂಕರ್‌ಗೋಳು ಅರ್ಧ ಪಾಲು ಮೂವತ್ತು ದಿನ, ಇನ್ನರ್ಧ ತೊಂಬತ್ತು ದಿನ ಮಾರಾಂಗಿಲ್ಲ. ಲಾಕ್-ಇನ್ ಐತಿ," ಎಂದ ವಿರುಪಾಕ್ಷ. "ಅಲ್ಲೀತನಕ ಬೆಲೆ ಏರತೈತಿ, ಮೂವತ್ತು ತುಂಬೂ ಮುಂಚೆ ನಾವು ಹೊರಗ ಬರೂಣು."

ನಿಯಮ ಸರಿಯಾಗಿತ್ತು, ಎಣಿಕೆ ತಪ್ಪಿತ್ತು. ಅವನು ಲಿಸ್ಟಿಂಗ್‌ನಿಂದ ಎಣಿಸಿದ. ಗಡುವು ಶೇರು ಹಂಚಿಕೆಯಾದ ದಿನದಿಂದ, ಅಂದರೆ ಲಿಸ್ಟಿಂಗ್‌ಗೂ ಮೊದಲೇ ಓಡಲು ಶುರುವಾಗಿತ್ತು. ಅಕ್ಕ-ತಮ್ಮ ನಾಳೆ ಮಾರೋಣ ಎಂದು ನೆಮ್ಮದಿಯಾಗಿದ್ದಾಗಲೇ ಬೀಗ ತೆರೆದಿತ್ತು. ಬೀಗ ತೆರೆದ ಮಾತ್ರಕ್ಕೆ ಎಲ್ಲರೂ ಮಾರಲೇಬೇಕೆಂದಿಲ್ಲ, ಆದರೆ ಈ ಆ್ಯಂಕರ್‌ಗಳು ಮಾರಿದರು, ಬೆಲೆ ಕುಸಿಯಿತು. ದೊಡ್ಡವರು ಕೊಂಡಿದ್ದಾರೆ ಎಂದಷ್ಟೇ ಆ್ಯಂಕರ್‌ಗಳ ಪಟ್ಟಿ ಹೇಳಿತ್ತು, ಕೂತೇ ಇರುತ್ತಾರೆ ಎಂದಲ್ಲ.

ಶಾಂಭವಿ ಸಿಕ್ಕಿದ ಬೆಲೆಗೆ ಮಾರುವಷ್ಟರಲ್ಲಿ ಮೂರರಲ್ಲೊಂದು ಭಾಗ ಕರಗಿತ್ತು. ಅಳು ಬರಲಿಲ್ಲ. ತಮ್ಮನ ಮೇಲೆ ಸಿಟ್ಟೂ ಬರಲಿಲ್ಲ. ಮರುವಾರವೇ ವೀಸಾ ಹಣ ಕಟ್ಟಿ ಎಂಬ ಪತ್ರ ಬಂತು. ಮನೆಯ ಮಾರ್ಟ್‌ಗೇಜ್ ಸಾಲ ಕುತ್ತಿಗೆವರೆಗಿತ್ತು, ಬ್ಯಾಂಕು ಇನ್ನು ಕೊಡುವುದಿಲ್ಲ ಎಂದಿತು. ವೀಸಾದ ಹಣ ತಲೆಗಿಷ್ಟು ಎಂದು ಕಟ್ಟಬೇಕು. ಉಳಿದದ್ದು ಒಂದು ತಲೆಗೆ ಸಾಕಾಗಿತ್ತು, ಎರಡಕ್ಕೆ ಸಾಲದು.

ವಿಡಿಯೋ ಕಾಲ್‌ನಲ್ಲಿ ಅವ್ವ ಇಂದಿರಮ್ಮ ಸಿಡ್ನಿಯಲ್ಲಿ ಬಿಳಿಜೋಳದ ಹಿಟ್ಟು ಸಿಗುತ್ತದೋ ಇಲ್ಲವೋ ಎಂದು ಕೇಳುತ್ತಿದ್ದಳು. ಶಾಂಭವಿ ಫೋನನ್ನು ಅಪ್ಪ ಚನ್ನಮಲ್ಲಪ್ಪನಿಗೆ ಕೊಡು ಎಂದಳು.

"ಅಪ್ಪಾ, ಸದ್ಯ ಒಬ್ಬರಿಗಷ್ಟ ಕಟ್ಟಾಕ ಆಗತೈತಿ."

ಅಪ್ಪ ಕಾರಣ ಕೇಳಲಿಲ್ಲ. ಫೋನ್ ಹಿಡಿದುಕೊಂಡು ಪಡಸಾಲೆಗೆ ಬಂದು ದನಿ ತಗ್ಗಿಸಿದ.

"ಅಕಿನ್ನ ಕರಕೋ. ನಾ ಹಿಂದಿಂದ ಬರತೀನಿ ಅಂತ ನಾನಽ ಹೇಳತೀನಿ. ಅಕಿ ಕೇಳಿದರ ನೀ ಮಾತ್ರ ಇಲ್ಲ ಅನಬ್ಯಾಡ."

"ಹೂಂ," ಎಂದಳು ಶಾಂಭವಿ.