ಶೀಟಿನ ಕೆಳಗೆ ನಿಂತವರಿಗೆ ಒಂದು ಪ್ರಕಟಣೆ

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಸುತ್ತಮುತ್ತ ನನ್ನ ಮುಖ ಹೆಚ್ಚು ಜನಕ್ಕೆ ಗೊತ್ತಿಲ್ಲ, ದನಿ ಮಾತ್ರ ಎಲ್ಲರಿಗೂ ಗೊತ್ತು. ಚಿನ್ನದಂಗಡಿ ಶುರುವಾದರೂ ನಾನೇ, ಚಪ್ಪಲಿಗೆ ರಿಯಾಯಿತಿ ಬಂದರೂ ನಾನೇ, ಆಟೋದ ಮೇಲೆ ಮೈಕು ಕಟ್ಟಿಕೊಂಡು ‘ಬನ್ನಿ ಬನ್ನಿ’ ಎಂದು ಕರೆಯುವವನೂ ನಾನೇ. ಟೈಲರ್ ಅಂಗಡಿಯ ಮಹಡಿಯ ಮೇಲೆ ನನ್ನದೊಂದು ರೆಕಾರ್ಡಿಂಗ್ ಕೋಣೆ ಇದೆ. ಗೋಡೆಗೆ ಹಳೇ ರಗ್ಗು ಹೊಡೆದಿದ್ದೇನೆ, ಬಸ್ಸಿನ ಹಾರನ್ ಒಳಗೆ ಬರಬಾರದು ಅಂತ. ನನ್ನ ಹೆಸರು ನಂದೀಶ್. ನನಗೆ ಕೊಬ್ಬು ಜಾಸ್ತಿ ಎಂದು ನನ್ನ ಹೆಂಡತಿ ಕೀರ್ತನ ಹೇಳುತ್ತಾಳೆ. ಈ ಕಥೆ ಕೇಳಿದ ಮೇಲೆ ನೀವೂ ಅದನ್ನೇ ಹೇಳಬಹುದು.

ಜೂನ್ ತಿಂಗಳ ಮೊದಲ ವಾರ ಶಫೀವುಲ್ಲಾ ಸಾಹೇಬರು ಮಹಡಿ ಹತ್ತಿ ಬಂದರು. ಬಸ್ ನಿಲ್ದಾಣದ ಎದುರಿಗಿರುವ ಹಸನ್ ಕೊಡೆ ಅಂಗಡಿ ಅವರದು. ಹಸನ್ ಅವರ ತಂದೆಯ ಹೆಸರು. ಮಳೆಗಾಲದಲ್ಲಿ ಕೊಡೆ, ರೈನ್‌ಕೋಟು, ಚಳಿಗಾಲದಲ್ಲಿ ಸ್ವೆಟರು, ಬೇಸಿಗೆಯಲ್ಲಿ ಟೋಪಿ, ಸ್ಕೂಲ್ ಬ್ಯಾಗು.

“ಎಲ್ರೂ ಮೊಬೈಲಲ್ಲೇ ಕೊಡೆ ತರಿಸ್ಕೊಳ್ತಾರೆ ನಂದೀಶ. ಮೊದಲ ಗಾಳಿಗೇ ಅದು ಮೇಲಕ್ಕೆ ಮಗುಚ್ಕೊಳ್ತದೆ. ಆಮೇಲೆ ರಿಪೇರಿಗೆ ನಮ್ಮ ಹತ್ರ ಬರ್ತಾರೆ. ಒಂದು ಅನೌನ್ಸ್‌ಮೆಂಟ್ ಮಾಡ್ಕೊಡು. ಜನ ನಗಬೇಕು. ಆದ್ರೆ ನೋಡು, ನಮ್ಮ ಶೀಟ್ ಕೆಳಗೆ ನಿಂತವರಿಗೆ ಬೇಜಾರಾಗಬಾರದು.”

ಮಾತಿನ ಮೊದಲರ್ಧ ಕಿವಿಗೆ ಬಿತ್ತು. ಎರಡನೆಯ ಅರ್ಧದ ಹೊತ್ತಿಗೆ ನನ್ನ ತಲೆಯಲ್ಲಿ ಆಗಲೇ ಜೋಕುಗಳು ಕುದಿಯುತ್ತಿದ್ದವು.

ಆ ಶೀಟಿನ ವಿಷಯ ಹೇಳಬೇಕು. ಅಂಗಡಿಯ ಮುಂದೆ ಹತ್ತು ಅಡಿ ಚಾಚಿದ ತಗಡಿನ ಶೀಟು, ಹಸನ್ ಸಾಹೇಬರು ಹಾಕಿಸಿದ್ದು. ಮಳೆ ಬಂದರೆ ನಿಲ್ದಾಣದ ಅರ್ಧ ಜನ ಅದರ ಕೆಳಗೇ ಇರುತ್ತಾರೆ. ಅಂಗಡಿಯಲ್ಲಿ ಒಂದು ಪದ್ಧತಿ: ಮಳೆಯಿಂದ ಓಡಿ ಬಂದವರನ್ನು ‘ಏನು ಬೇಕು’ ಎಂದು ಕೇಳುವಂತಿಲ್ಲ. ಬಾಗಿಲ ಪಕ್ಕದ ಮೊಳೆಗೆ ಒಗೆದ ಟವಲು ನೇತು ಹಾಕಿರುತ್ತಾರೆ. ಬಂದವರು ಮುಖ ಒರೆಸಿಕೊಂಡು, ತಾವಾಗಿ ಒಳಗೆ ನೋಡಿದರೆ ಮಾತ್ರ ವ್ಯಾಪಾರದ ಮಾತು. ಕೊಳ್ಳದೆ ಬಸ್ ಹತ್ತಿದರೂ ಯಾರೂ ಏನೂ ಅನ್ನುವುದಿಲ್ಲ. ನಾನೇ ಎಷ್ಟು ಸಲ ಆ ಟವಲಿನಲ್ಲಿ ತಲೆ ಒರೆಸಿಕೊಂಡಿದ್ದೇನೆ! ಅಲ್ಲಿ ಕೊಂಡ ಮೂರು ಕೊಡೆಗಳನ್ನು ರಾಜಾನುಕುಂಟೆಗೆ ಹೋಗುವ ಬಸ್ಸಿನಲ್ಲಿ ಮರೆತು ಇಳಿದವನು ನಾನು. ಕೀರ್ತನ ನಾಲ್ಕನೆಯದನ್ನು ಕೊಡಿಸಲು ಒಪ್ಪಲಿಲ್ಲ.

ಒಂದು ರಾತ್ರಿಯೂ ಬೇಕಾಗಲಿಲ್ಲ, ಅರ್ಧ ಗಂಟೆಯಲ್ಲಿ ಬರೆದು ರೆಕಾರ್ಡ್ ಮಾಡಿದೆ. ನಡುನಡುವೆ ಗುಡುಗಿನ ಸದ್ದು, ಕೋಳಿಯ ಕೂಗು. ಬುಧವಾರ ಬೆಳಿಗ್ಗೆ ಪೆನ್‌ಡ್ರೈವ್ ಕೊಡಲು ಹೋದಾಗ ಸಾಹೇಬರು ಮಾಲು ತರಲು ಚಿಕ್ಕಪೇಟೆಗೆ ಹೋಗಿದ್ದರು. ಅವರ ಹೆಂಡತಿ ಬಶೀರುನ್ನೀಸಾ ಮುರಿದ ಕೊಡೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಕಡ್ಡಿಯ ತುದಿಗೆ ಬಟ್ಟೆ ಹೊಲಿಯುತ್ತ ಕೂತಿದ್ದರು. ನಾವೆಲ್ಲ ಅವರನ್ನು ಭಾಬಿ ಎಂದೇ ಕರೆಯುತ್ತೇವೆ.

“ಸಾಬ್ರು ಕೇಳಿ ಆಯ್ತಾ?” ಎಂದರು ಭಾಬಿ.

“ಅವರೇ ಹೇಳಿ ಮಾಡಿಸಿದ್ದು ಭಾಬಿ. ಮಳೆ ಬಂದ ತಕ್ಷಣ ಹಾಕ್ಬಿಡಿ. ಜನ ಬಿದ್ದೂ ಬಿದ್ದೂ ನಗ್ತಾರೆ.”

ನಾಲ್ಕೂವರೆಗೆ ಮಳೆ ಬಂತು. ನಾನು ನನ್ನ ಪ್ರತಾಪ ನೋಡಲೆಂದೇ ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದೆ. ಶೀಟಿನ ಕೆಳಗೆ ಮೂವತ್ತು ಜನ ತುಂಬಿಕೊಂಡರು. ಸ್ಪೀಕರು ಕಿರ್ ಎಂದು ನನ್ನ ದನಿ ಹೊರಬಿತ್ತು:

“ಅಗೋ ಬಂತು ನೋಡಿ ನೆಂದ ಕೋಳಿ! ತಲೆಗೆ ಪ್ಲಾಸ್ಟಿಕ್ ಕವರ್ ಕಿರೀಟ ಇಟ್ಕೊಂಡ ಮಹಾರಾಜರೇ, ಇನ್ನೊಬ್ಬರ ಶೀಟ್ ಕೆಳಗೆ ಇನ್ನೆಷ್ಟು ವರ್ಷ ನಿಲ್ತೀರಾ? ಸೀರೆ ಹಿಂಡ್ತಾ ಇರೋ ಅಕ್ಕಾ, ಕೊಡೆ ಅನ್ನೋದನ್ನ ಕಂಡುಹಿಡಿದು ಬಹಳ ಕಾಲ ಆಯ್ತಕ್ಕಾ!”

ಕೋಳಿ ಕೂಗಿತು. ಕಾಲೇಜು ಹುಡುಗರಿಬ್ಬರು ಹೋ ಎಂದು ನಕ್ಕರು. ನಾನು ಟೀ ಅಂಗಡಿಯವನತ್ತ ನೋಡಿ ಹುಬ್ಬು ಹಾರಿಸಿದೆ.

ಆಗ ತಲೆಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡಿದ್ದ ಗಾರೆ ಕೆಲಸದವನೊಬ್ಬ ಮೆಲ್ಲಗೆ ಅದನ್ನು ತೆಗೆದು, ಮಡಿಸಿ, ಜೇಬಿಗೆ ಇಟ್ಟುಕೊಂಡ. ಯಾರ ಮುಖವನ್ನೂ ನೋಡದೆ ಮಳೆಗೆ ಇಳಿದು ಹೊರಟುಹೋದ. ಅವನ ಹಿಂದೆ ಮಗು ಎತ್ತಿಕೊಂಡವಳು. ಅವಳ ಹಿಂದೆ ಇಬ್ಬರು ಹೆಂಗಸರು. ಕೋಳಿ ಎರಡನೆಯ ಸಲ ಕೂಗುವ ಹೊತ್ತಿಗೆ ನಗುತ್ತಿದ್ದ ಹುಡುಗರೂ ಜಾಗ ಖಾಲಿ ಮಾಡಿದ್ದರು.

ಕೊನೆಗೆ ಹೊರಟವಳು ಮಾರಕ್ಕ. ಅವಳು ಮಾಕಳಿದುರ್ಗದ ಬುಡದಲ್ಲಿರುವ ನಮ್ಮೂರಿನವಳು, ದಿನಾ ಮಲ್ಲಿಗೆ ತಂದು ನಿಲ್ದಾಣದ ಬಾಗಿಲಲ್ಲಿ ಮಾರುತ್ತಾಳೆ. ಕಂಕುಳಲ್ಲಿ ಬುಟ್ಟಿ, ಕೈಯಲ್ಲಿ ಬಿಚ್ಚಿದ ಕೊಡೆ. ಕೊಡೆ ಪೂರ್ತಿ ಬುಟ್ಟಿಯ ಮೇಲಿತ್ತು, ಅವಳು ಪೂರ್ತಿ ಮಳೆಯಲ್ಲಿದ್ದಳು. ಅದು ಹಸನ್ ಅಂಗಡಿಯದೇ ಕೊಡೆ, ಮರದ ಹಿಡಿಯದು. ರಸ್ತೆ ದಾಟಿ, ಜನ ತುಂಬಿದ್ದ ನಿಲ್ದಾಣದ ಒಳಗೂ ಹೋಗಲಾಗದೆ, ಸೋರುವ ಅಂಚಿನಲ್ಲಿ ನಿಂತಳು.

ಸ್ಪೀಕರು ಥಟ್ಟನೆ ನಿಂತಿತು. ಭಾಬಿ ಹೊರಗೆ ಬಂದು “ಮಾರಕ್ಕಾ, ಬಾ ಇಲ್ಲಿ” ಎಂದು ಕೂಗಿದರು. ಅವಳು ಕೈ ಆಡಿಸಿದಳು, ಬರಲಿಲ್ಲ. ಜೋರು ಮಳೆಯಲ್ಲಿ ಆ ಶೀಟಿನ ಕೆಳಗೆ ಒಂದು ನರಪಿಳ್ಳೆಯೂ ಇಲ್ಲದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ಮರುದಿನ ಸಾಹೇಬರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪೆನ್‌ಡ್ರೈವನ್ನು ಒಂದು ಕಾಗದದಲ್ಲಿ ಸುತ್ತಿ ಕೈಗಿಟ್ಟರು.

“ಅಬ್ಬಾಜಿ ಸಾಯೋವಾಗ ಅಂಗಡಿ ಬಗ್ಗೆ ಹೇಳಿದ್ದು ಒಂದೇ ಮಾತು ನಂದೀಶ. ಶೀಟ್ ತೂತಾಗದ ಹಂಗೆ ನೋಡ್ಕೋ ಅಂತ. ತೂತು ಬಿದ್ದಿಲ್ಲ, ಆದ್ರೂ ಯಾರೂ ನಿಲ್ತಾ ಇಲ್ಲ. ಇನ್ನು ಅನೌನ್ಸ್‌ಮೆಂಟ್ ಬೇಡ ಬಿಡಪ್ಪ.”

ಅವತ್ತು ಸಂಜೆಯೂ ಮಳೆ. ಶೀಟಿನ ಕೆಳಗೆ ಊರಿಗೆ ಹೊಸಬರು ನಾಲ್ಕು ಜನ, ಅಷ್ಟೇ. ನಿಲ್ದಾಣದ ಖಾಯಂ ಜನವೆಲ್ಲ ಎದುರುಗಡೆ ನೆನೆಯುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಲಕ್ಕಮ್ಮ ಹೇಳುತ್ತಿದ್ದಳು. ನನ್ನದು ಬರೀ ಮಾತಲ್ಲ, ಸ್ಪೀಕರಿನಲ್ಲಿ ಆಡಿದ ಮಾತು. ಸಾಹೇಬರ ತಂದೆ ಕಟ್ಟಿದ ಹೆಸರನ್ನು ಅರ್ಧ ಗಂಟೆಯ ಜೋಕಿನಲ್ಲಿ ಕೆಡಿಸಿದ್ದೆ. ಅದನ್ನು ನಾನೇ ಸರಿ ಮಾಡಬೇಕಿತ್ತು.

ಶುಕ್ರವಾರ ಮಾರಕ್ಕನ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತೆ. ಅವಳು ಹೂ ಕಟ್ಟುತ್ತಲೇ ಇದ್ದಳು.

“ತಪ್ಪಾಯ್ತು ಮಾರಕ್ಕ.”

“ನಿನ್ ದನಿ ಅಂತ ಆಗ್ಲೇ ಗೊತ್ತಾಯ್ತು ಕಣ್ಲಾ. ನಮ್ಮೂರ ಹೈದ ಎಷ್ಟು ಚೆಂದಾಗಿ ಮಾತಾಡ್ತಾನೆ ಅಂತ ಕಿವಿ ಕೊಟ್ಟೆ. ಆಮೇಲೆ ನೋಡಿದ್ರೆ ನಂಗೇ ಅಂತಿದ್ದೀಯ.”

“ನಿನ್ನತ್ರ ಕೊಡೆ ಇತ್ತಲ್ಲ, ನಿಂಗಂದಿದ್ದಲ್ಲ...”

“ಇದ್ರೆ? ನೀರು ಬಿದ್ರೆ ಮಲ್ಲಿಗೆ ಕೆಂಪಗಾಗ್ತದೆ, ನಾಳೆ ಯಾರು ತಗೋತಾರೆ? ಅದಕ್ಕೇ ಹೂವಿಗೆ ಹಿಡಿದೆ. ಆ ಗಾರೆ ಕೆಲಸದೋನು ಬೆಳಿಗ್ಗೆ ಬಿಸಿಲಲ್ಲಿ ಮನೆ ಬಿಟ್ಟಿರ್ತಾನೆ. ನೆಂದೋರಿಗೆ ಅವರವರದ್ದೇ ಒಂದು ಕಾರಣ ಇರ್ತದೆ ಕಣೋ. ನೀನು ಇಸ್ಕೂಲಿಂದ ನೆಂದ್ಕೊಂಡು ಬರ್ತಿದ್ದಾಗ ನನ್ ಗೋಣಿಚೀಲದ ಕೊಪ್ಪೆ ತೆಗೆದು ನಿನ್ ತಲೆಗೆ ಹಾಕ್ಲಿಲ್ವಾ? ಕೋಳಿ ಅಂದಿದ್ನಾ ಆವತ್ತು?”

ಕೆಳಗೆ ಬಿದ್ದಿದ್ದ ಮೊಗ್ಗುಗಳನ್ನು ಆರಿಸಿ ಅವಳ ಬುಟ್ಟಿಗೆ ಹಾಕಿದೆ.

“ನಗಿಸ್ಬೇಡ ಅಂತ ಅಲ್ಲ,” ಎಂದಳು ಮಾರಕ್ಕ, ದಾರ ಕಡಿಯುತ್ತ. “ಮಳೇನ ಅನ್ನು, ಅದಕ್ಕೇನು ಬೇಜಾರಿಲ್ಲ. ನಿನ್ನನ್ನೇ ಅಂದ್ಕೋ, ಅದು ಇನ್ನೂ ವಾಸಿ.”

ಸಾಹೇಬರ ಹತ್ತಿರ ಓಡಿದೆ. ಒಂದೇ ಒಂದು ಸಲ, ಈ ಬಾರಿ ಪೆನ್‌ಡ್ರೈವ್ ಇಲ್ಲ, ನಾನೇ ಮೈಕು ಹಿಡಿದು ಅಂಗಡಿ ಬಾಗಿಲಲ್ಲಿ ನಿಲ್ಲುತ್ತೇನೆ ಎಂದೆ. ಮೊದಲು ಕಾಗದದಲ್ಲಿ ಬರೆದು ಅವರ ಮುಂದಿಟ್ಟೆ. ಅವರು ಓದಿ ಭಾಬಿಗೆ ಕೊಟ್ಟರು. ಭಾಬಿ ಓದುತ್ತ ಸೂಜಿ ಕೆಳಗಿಟ್ಟು ನಕ್ಕರು. “ಟವಲ್ ವಿಷಯ ಸೇರಿಸು,” ಎಂದರು.

ಶನಿವಾರ ಸಂಜೆ ಮೋಡ ಕವಿಯಿತು. ನಾನು ಬೇಕೆಂದೇ ನೆನೆಯಲಿಲ್ಲ; ಆದರೆ ಮಹಡಿಯಿಂದ ಇಳಿದು ರಸ್ತೆ ದಾಟುವಷ್ಟರಲ್ಲಿ ಮಳೆ ಸುರಿದು ತೊಪ್ಪೆಯಾದೆ. ಹಾಗೇ ಮೈಕು ಹಿಡಿದೆ.

“ಸ್ವಾಮೀ, ಅಕ್ಕಂದಿರೇ, ಮೊನ್ನೆ ನಿಮ್ಮನ್ನೆಲ್ಲ ಕೋಳಿ ಅಂದವನು ನಾನೇ, ನಂದೀಶ. ಇಲ್ಲಿ ಬಂದು ನೋಡಿ, ಈಗ ನಾನು ಹೆಂಗಿದ್ದೀನಿ ಅಂತ! ಮೂರು ಕೊಡೆ ಕೊಂಡೆ, ಮೂರನ್ನೂ ಬಸ್ಸಿಗೆ ದಾನ ಮಾಡಿದೆ. ಹೆಂಡತಿ ನಾಲ್ಕನೇದು ಕೊಡಿಸ್ತಾ ಇಲ್ಲ. ಈ ಮಳೆರಾಯನೂ ಸರಿ ಇಲ್ಲ ಸ್ವಾಮಿ. ಬರ್ತೀನಿ ಅಂದ ದಿನ ಬರಲ್ಲ, ಬಟ್ಟೆ ಒಣಹಾಕಿದ ದಿನ ತಪ್ಪಿಸಲ್ಲ. ಹವಾಮಾನದೋರಿಗೇ ಅವನು ಸಿಕ್ಕಲ್ಲ, ನೀವು ನಾವು ಎಷ್ಟರವರು? ಬನ್ನಿ, ಶೀಟ್ ಕೆಳಗೆ ನಿಲ್ಲಿ. ಮೊಳೆ ಮೇಲೆ ಟವಲ್ ಇದೆ, ಒಗೆದದ್ದು. ಕೊಳ್ಳಲೇಬೇಕು ಅಂತ ಏನೂ ಇಲ್ಲ. ಬೇಕಾದವರಿಗೆ ಎಂಟು ಕಡ್ಡಿಯ ಕೊಡೆ ಇದೆ, ಬ್ಯಾಗಲ್ಲಿ ಹಿಡಿಯೋ ಮೂರು ಮಡಿಕೆಯದೂ ಇದೆ. ಬೈಕಿನವರಿಗೆ ಪ್ಯಾಂಟ್ ಸಮೇತ ರೈನ್‌ಕೋಟು, ಹೊಲಿಗೆ ಮೇಲೆ ಟೇಪ್ ಹಾಕಿದ್ದು, ನೀರು ಒಳಗೆ ಇಳಿಯಲ್ಲ. ನಿಮ್ಮ ಹಳೇ ಕೊಡೆ ಕಡ್ಡಿ ಮುರಿದಿದ್ರೆ ಬಿಸಾಕ್ಬೇಡಿ, ಬಶೀರುನ್ನೀಸಾ ಭಾಬಿ ಸರಿ ಮಾಡ್ತಾರೆ. ನನ್ನ ಮರೆವನ್ನ ಮಾತ್ರ ಅವರಿಂದಲೂ ರಿಪೇರಿ ಮಾಡೋಕಾಗಿಲ್ಲ!”

ಎದುರುಗಡೆ ಯಾರೋ ಕಿಸಕ್ಕೆಂದರು. ನಾನು ತಲೆ ಅಲ್ಲಾಡಿಸಿದಾಗ ನೀರು ಮೈಕಿಗೆ ಸಿಡಿದು ಅದು ಗೊರ್ ಎಂದಿತು. ಆಗ ನಗು ರಸ್ತೆಯ ಈಚೆಗೂ ಬಂತು. ಮೊದಲು ದಾಟಿ ಬಂದದ್ದು ಆ ಗಾರೆ ಕೆಲಸದವನೇ. ಪ್ಲಾಸ್ಟಿಕ್ ಕವರು ತಲೆಯ ಮೇಲೇ ಇತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಂಗೂ ಒಂದು ಕವರ್ ಕೊಡ್ಲಾ ಗುರು?” ಎಂದ. ಶೀಟಿನ ಕೆಳಗೆ ಜನ ತುಂಬಿದರು. ಮಾರಕ್ಕ ಬಂದು ಬುಟ್ಟಿಯನ್ನು ಭಾಬಿಯ ಪಕ್ಕ ಒಣ ಜಾಗದಲ್ಲಿಟ್ಟು, ಮೊಳೆಯ ಟವಲು ತೆಗೆದು ಮೊದಲು ನನ್ನ ಕೈಗೆ ಕೊಟ್ಟಳು. ಕಣ್ಣು ಒರೆಸಿಕೊಂಡೆ. ಮಳೆ ನೀರು ಎಂದುಕೊಂಡಿರಬೇಕು ಎಲ್ಲರೂ.

ಸಾಹೇಬರು ಒಂದು ಹೊಸ ಕೊಡೆ ತಂದು ನನ್ನ ಕೈಗಿಟ್ಟು, “ಇದು ಅಂಗಡಿ ಕಡೆಯಿಂದ. ಕೀರ್ತನಮ್ಮನಿಗೆ ಹೇಳು,” ಎಂದರು. ಬೇಡವೆಂದರೂ ಬಿಡಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಎಲ್ಲರಿಗೂ ಕೈ ಮುಗಿದು ಓಡಿ ಹತ್ತಿ, ಕಿಟಕಿ ಪಕ್ಕ ಕೂತು, ನಾನೂ ಪರವಾಗಿಲ್ಲ ಎಂದುಕೊಂಡೆ.

ಶೀಟಿನ ಕೆಳಗಿಂದ ಹೋ ಎಂದು ಗಲಾಟೆ ಎದ್ದಿತು. ನಲವತ್ತು ಜನ ನನ್ನತ್ತ ಕೈ ತೋರಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಡುವಿನಿಂದ ಮಾರಕ್ಕ ಸುರಿಯುವ ಮಳೆಯಲ್ಲಿ ಬಸ್ಸಿನತ್ತ ಓಡಿ ಬರುತ್ತಿದ್ದಳು. ಕಿಟಕಿಯ ಹತ್ತಿರ ಬಂದು, ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ನನ್ನ ನಾಲ್ಕನೆಯ ಕೊಡೆಯನ್ನು ಎತ್ತಿ ಕೊಟ್ಟಳು. ತಲೆಯಿಂದ ಕಾಲಿನವರೆಗೆ ತೊಯ್ದುಹೋಗಿದ್ದಳು.

“ಬಿಚ್ಕೊಂಡು ಬರಬಾರದಾ ಮಾರಕ್ಕ?” ಎಂದೆ.

“ಹೊಸದು ಕಣ್ಲಾ,” ಎಂದಳು ನಗುತ್ತ. “ಯಾಕೆ ನೆನೆಸೋದು ಅಂತ.”