ಹೊಡೆದುಹಾಕಿದ ಮೊತ್ತ

ಆಸ್ಪತ್ರೆಯ ಲೆಕ್ಕಪತ್ರದ ಕೋಣೆ ನೆಲಮಾಳಿಗೆಯಲ್ಲಿತ್ತು. ಹಗಲಲ್ಲೂ ಟ್ಯೂಬ್‌ಲೈಟು ಉರಿಯುತ್ತಿತ್ತು. ಹಿರಿಯ ಗುಮಾಸ್ತರು ಫೈಲಿನಿಂದ ಬಿಲ್ಲೊಂದನ್ನು ಹೊರಗೆಳೆದು, ಮೇಜಿನ ಮೇಲೆ ಅಂಗೈಯಿಂದ ನೀವಿ, ಅವಳ ಕಡೆ ತಿರುಗಿಸಿ ಇಟ್ಟರು.

"ಇದನ್ನ ನೀನೇ ಓದಮ್ಮ. ನಾನು ಓದಿದ್ರೆ ಒಂದು ಮೊತ್ತ ಬರುತ್ತೆ, ನಮ್ಮ ಆಫೀಸಿನ ಹುಡುಗಿ ಓದಿದ್ರೆ ಇನ್ನೊಂದು ಬರುತ್ತೆ. ಯಾವುದನ್ನ ಪಾಸು ಮಾಡ್ಲಿ?"

ಅಕ್ಷರ ಮಾವನದೇ. ಅದನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. ಈ ಮನೆಗೆ ಸೊಸೆಯಾಗಿ ಬಂದ ಮರುವರ್ಷದಿಂದ ವೆಲ್ಡಿಂಗ್ ಶೆಡ್ಡಿನ ಲೆಕ್ಕ ನೋಡುತ್ತಿದ್ದವಳು ಅವಳೇ. ಆದರೆ ಬಿಲ್ಲು ಬರೆಯುವ ಕೆಲಸವನ್ನು ಮಾತ್ರ ಮಾವ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಪೇಟೆಯಲ್ಲಿ ಎಲ್ಲರೂ ಅವರನ್ನು ಬಾಯಿಲೆಕ್ಕದ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗಿರಾಕಿ ಅಳತೆ ಹೇಳಿ ಮುಗಿಸುವುದರೊಳಗೆ ಎಷ್ಟು ಕಬ್ಬಿಣ, ಎಷ್ಟು ಕೂಲಿ, ಒಟ್ಟು ಎಷ್ಟು ಎಂದು ಪಟಪಟನೆ ಹೇಳಿಬಿಡುವರು. ಕ್ಯಾಲ್ಕುಲೇಟರ್ ತೆಗೆದವರನ್ನು ಕಂಡರೆ, "ಬ್ಯಾಟರಿ ಮುಗಿದ್ರೆ ಹೇಳಪ್ಪ, ನಾನಿದ್ದೀನಿ" ಎಂದು ಕಾಲೆಳೆಯುವರು.

ಬಿಲ್ಲಿನಲ್ಲಿ ನಾಲ್ಕು ಸಾಲು. ಮೊದಲನೆಯದು ಕಿಟಕಿ ಗ್ರಿಲ್, ಆರು, ತಲಾ 2,350. ಮೊತ್ತದ ಕಡೆ 14,100 ಎಂದು ಬರೆದು, ಅಡ್ಡಗೀಟು ಹೊಡೆದು, ಮೇಲೆ 12,700 ಎಂದು ಬರೆದಿತ್ತು. ಎರಡನೆಯದು ಕಬ್ಬಿಣದ ಬಾಗಿಲು, ಎರಡು, ತಲಾ 4,800. ಅಲ್ಲಿ ಗೀಟು ಇರಲಿಲ್ಲ, ಒಂದು ಅಂಕಿಯ ಮೇಲೆ ಇನ್ನೊಂದನ್ನು ಒತ್ತಿ ತಿದ್ದಲಾಗಿತ್ತು. ಮೂರನೆಯದು ಮೆಟ್ಟಿಲ ಕೈಹಿಡಿ, ಹದಿನೆಂಟು ಅಡಿ, ಅಡಿಗೆ 260. 4,680, ಏನೂ ಕಲೆಯಿಲ್ಲ. ಕೊನೆಯದು ಜೋಡಣೆ ಕೂಲಿ 1,500. ಅದನ್ನೂ ಹೊಡೆದು, ಪಕ್ಕದಲ್ಲಿ ಮತ್ತೆ 1,500 ಎಂದೇ ಬರೆದಿತ್ತು.

"ಈ ಎರಡನೇ ಸಾಲು ನೋಡು," ಗುಮಾಸ್ತರು ಪೆನ್ಸಿಲ್ ತುದಿಯಿಂದ ತೋರಿಸಿದರು. "ಒಂಬತ್ತೋ ಆರೋ? ಕೆಳಗೆ ಒಂಬತ್ತರ ಬಾಲ ಉಳಿದಿದೆ. ಮೇಲೆ ಒತ್ತಿ ಬರೆದಿರೋದು ಆರು. ಒಟ್ಟು 25,480 ಅಂತ ಹಾಕಿದ್ದಾರೆ. ಕೂಡಿ ನೋಡಿದೆ, 6,600 ಅಂತ ಹಿಡಿದ್ರೇನೇ ಒಟ್ಟು ತಾಳೆ ಆಗೋದು. ಅಂದ್ರೆ ತಿದ್ದಿದ ಮೇಲೆ ಒಟ್ಟು ಹಾಕಿದ್ದಾರೆ."

"ಆದ್ರೆ ಎರಡು ಬಾಗಿಲಿಗೆ 9,600 ಅಲ್ವಾ ಸರ್?"

"ಅದಕ್ಕೇ ನಿನ್ನ ಕರೆಸಿದ್ದು. ಸಾಮಾನ್ಯವಾಗಿ ಹೊಡೆದಿದ್ದು ಸತ್ತ ಹಾಗೆ, ಮೇಲೆ ಬರೆದಿದ್ದು ಉಳಿಯೋದು. ಇಲ್ಲಿ ನೋಡಿದ್ರೆ ಹೊಡೆದಿದ್ದೇ ಸರಿ ಇದೆ, ಉಳಿಸಿರೋದೇ ತಪ್ಪು. ನೀವು ಕೊಟ್ಟ ಕೊಟೇಶನ್ ಪ್ರಕಾರ 29,880 ಆಗಬೇಕು. ಅಕ್ಷರದಲ್ಲಿ ಬರೆದಿದ್ರೆ ಅದನ್ನಾದ್ರೂ ಹಿಡೀಬಹುದಿತ್ತು, ಆ ಜಾಗ ಖಾಲಿ. ತಿದ್ದಿದ ಕಡೆ ಒಂದು ಸಹಿಯೂ ಇಲ್ಲ." ಅವರು ಕನ್ನಡಕ ತೆಗೆದರು. "ಮೇಸ್ತ್ರಿ ಏನಾದ್ರೂ ರಿಯಾಯಿತಿ ಕೊಟ್ರಾ?"

ಅವಳು ಬಿಲ್ಲನ್ನು ಮತ್ತೊಮ್ಮೆ ಸಾಲು ಸಾಲಾಗಿ ನೋಡಿದಳು. ರಿಯಾಯಿತಿ ಕೊಡುವವರು ಕೊನೆಗೆ ಒಂದು ಸಾಲಿನಲ್ಲಿ ಕಳೆಯುತ್ತಾರೆಯೇ ಹೊರತು, ಗುಣಾಕಾರದ ಹೊಟ್ಟೆ ಬಗೆಯುವುದಿಲ್ಲ. ಅದೂ ಅಲ್ಲದೆ ಹದಿನೈದುನೂರನ್ನು ಹೊಡೆದು ಮತ್ತೆ ಹದಿನೈದುನೂರು ಬರೆಯುವುದು ಯಾವ ರಿಯಾಯಿತಿ?

"ತೊಗೊಂಡು ಹೋಗು," ಎಂದರು ಗುಮಾಸ್ತರು. "ಇದನ್ನ ರದ್ದು ಮಾಡಿ ಹೊಸ ಬಿಲ್ಲು ಕೊಟ್ರೆ ಪೂರ್ತಿ ಪಾಸು ಮಾಡ್ತೀನಿ, ಕೊಟೇಶನ್ ಫೈಲಲ್ಲೇ ಇದೆ. ಇಲ್ಲ, ಇದೇ ಇರ್ಲಿ ಅಂದ್ರೆ ತಿದ್ದಿದ ಕಡೆಯೆಲ್ಲ ಮೇಸ್ತ್ರಿ ಸಹಿ ಬೇಕು. ಯಾವುದನ್ನ ನಿಲ್ಲಿಸ್ತೀರೋ ನಿಮಗೆ ಬಿಟ್ಟಿದ್ದು."

ಶೆಡ್ಡಿನಲ್ಲಿ ಗಂಡ ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದ. ವಿಷಯ ಕೇಳಿದ್ದೇ ಮುಖದ ಗುರಾಣಿ ಎತ್ತಿ ಸಿಡುಕಿದ. "ಆಸ್ಪತ್ರೆಯವರೇ ತಿದ್ದಿರ್ತಾರೆ! ನಾಲ್ಕು ಸಾವಿರ ಉಳೀತಲ್ಲ ಅವರಿಗೆ."

"ನಾಲ್ಕು ಸಾವಿರದ ನಾನೂರು," ಎಂದಳು ಅವಳು. ಬಿಲ್ ಪುಸ್ತಕ ತೆರೆದು ಅದೇ ನಂಬರಿನ ಕಾರ್ಬನ್ ಪ್ರತಿಯನ್ನು ತೋರಿಸಿದಳು. ಅಲ್ಲೂ ಅದೇ ಗೀಟು, ಒಂಬತ್ತರ ಮೇಲೆ ಕುಳಿತ ಅದೇ ಆರು, ಎಲ್ಲ ನೀಲಿಯಲ್ಲಿ ಮಸುಕಾಗಿ ಮೂಡಿತ್ತು. ಹಾಳೆ ಹರಿಯುವ ಮೊದಲೇ, ಪುಸ್ತಕ ಇಲ್ಲಿರುವಾಗಲೇ ತಿದ್ದಿದ್ದು.

ಗಂಡ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಗುರಾಣಿ ಇಳಿಸಿಕೊಂಡ. "ವಯಸ್ಸಾಯ್ತು, ಕಣ್ಣು ಮಂಜು. ಹೊಸ ಬಿಲ್ಲು ಬರೆದು ಸಹಿ ಹಾಕಿಸ್ಕೋ. ಸ್ಟೀಲ್ ಅಂಗಡಿಯವನು ದಿನಾ ಫೋನ್ ಮಾಡ್ತಿದ್ದಾನೆ."

"ನೀವೇ ಒಂದು ಮಾತು ಕೇಳಿ."

"ನಿನ್ನ ಮಾತಾದ್ರೆ ಅಪ್ಪ ಕೇಳ್ತಾರೆ," ಎಂದು ಅವನು ಕಿಡಿ ಹಾರಿಸತೊಡಗಿದ. ಆ ಬೆಳಕಿಗೆ ಅವಳು ಮುಖ ತಿರುಗಿಸಿಕೊಂಡಳು.

ಸಂಜೆ ಮಾವ ಜಗುಲಿಯಲ್ಲಿ ಕುಳಿತಿದ್ದರು. ಅವಳು ಹಳೆಯ ಬಿಲ್ಲನ್ನೂ, ತಾನು ಬರೆದ ಹೊಸ ಬಿಲ್ಲನ್ನೂ ಹಿಡಿದು ಬಂದಳು. ದಾರಿಯಲ್ಲಿ ಹತ್ತು ಸಲ ಮಾತು ಜೋಡಿಸಿಕೊಂಡಿದ್ದಳು. ಹೇಳಿದ್ದು ಬೇರೆಯೇ.

"ಮಾವ, ಆಸ್ಪತ್ರೆ ಬಿಲ್ಲು. ತಿದ್ದಿದ ಕಡೆ ಸಹಿ ಇಲ್ಲ ಅಂತ ವಾಪಸ್ ಕಳಿಸಿದ್ದಾರೆ."

"ಇಷ್ಟೇ ತಾನೇ? ಕೊಡಿಲ್ಲಿ." ಹೊಸದರತ್ತ ನೋಡದೆ ಹಳೆಯದನ್ನೇ ಎಳೆದುಕೊಂಡರು. ಅವಳು ಬಾಯಿ ತೆರೆಯುವಷ್ಟರಲ್ಲಿ 12,700ರ ಪಕ್ಕ ಒಂದು ಸಹಿ ಬಿತ್ತು. ಒತ್ತಿ ಬರೆದ ಆರರ ಪಕ್ಕ ಇನ್ನೊಂದು. ಕೂಲಿಯ ಮುಂದೆ ಮತ್ತೊಂದು. ಒಂದೊಂದು ಸಹಿಯೂ ಮದುವೆ ಪತ್ರಕ್ಕೆ ಹಾಕಿದಷ್ಟು ಅಚ್ಚುಕಟ್ಟು. "ತಿದ್ದಿದ್ರೆ ಸಹಿ ಹಾಕ್ಬೇಕು ಅಂತ ಇಡೀ ಪೇಟೆಗೆ ಹೇಳಿಕೊಟ್ಟವನು ನಾನು. ನೋಡು, ನಾನೇ ಮರೆತೆ."

ಇನ್ನು ಆ ಬಿಲ್ಲಿನಲ್ಲಿ ತಪ್ಪು ಅಂಕಿಗಳೇ ನಿಜ.

"ಮಾವ," ಎಂದಳು ಮೆಲ್ಲಗೆ, "ಎರಡು ಸಾವಿರದ ಮುನ್ನೂರೈವತ್ತು, ಆರು ಸಲ. ಎಷ್ಟು?"

"ಹದಿನಾಲ್ಕು ಸಾವಿರದ ನೂರು." ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿತ್ತು ಉತ್ತರ. ಹೇಳಿ ನಕ್ಕರು. "ಪರೀಕ್ಷೆ ಮಾಡ್ತೀಯಾ ನನ್ನ?"

ಅವಳು ಬಿಲ್ಲಿನ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಮಾವ ಬಗ್ಗಿ ನೋಡಿದರು. ಕಾಗದವನ್ನು ಕಣ್ಣಿಗೆ ಹತ್ತಿರ ತಂದರು, ದೂರ ಹಿಡಿದರು. ನಗು ತುಟಿಯ ಮೇಲೆ ಹಾಗೇ ಉಳಿದಿತ್ತು, ಕಣ್ಣಿನಿಂದ ಇಳಿದುಹೋಗಿತ್ತು.

"ಇದನ್ನ ಯಾರು ಬರೆದಿದ್ದು?"

"ನೀವೇ ಮಾವ."

ಅವರು ಬಿಲ್ಲಿನ ಎರಡನೇ ಸಾಲಿನಲ್ಲಿ ಒತ್ತಿ ಬರೆದ ಆರರ ಮೇಲೆ ಬೆರಳಾಡಿಸಿದರು. ಕೊನೆಗೆ ಮಾತಾಡಿದಾಗ ದನಿ ತಗ್ಗಿತ್ತು, ಒಳಮನೆಗೆ ಕೇಳಬಾರದೆಂಬಂತೆ.

"ಬರೆಯೋವಾಗ ಸರಿಯಾಗೇ ಬರೀತೀನಿ ಕಣಮ್ಮ. ಒಂದು ಗಳಿಗೆ ಬಿಟ್ಟು ನೋಡಿದ್ರೆ ಅದು ನಾನು ಬರೆದಿದ್ದಲ್ಲ, ಯಾರೋ ಬೇರೆಯವರು ತಪ್ಪು ತಪ್ಪಾಗಿ ಬರೆದು ಹೋದ ಹಾಗೆ ಕಾಣುತ್ತೆ. ಮೈಯೆಲ್ಲ ಬೆವರುತ್ತೆ. ಅದಕ್ಕೇ ಹೊಡೆದುಹಾಕ್ತೀನಿ."

"ಎಷ್ಟು ದಿನದಿಂದ ಹೀಗೆ?"

"ಗೊತ್ತಿದ್ರೆ ಹೇಳ್ತಿದ್ನಲ್ಲ."

ಅವಳು ಹೊಸ ಬಿಲ್ಲನ್ನು ಮುಂದಿಟ್ಟಳು. "ಇದಕ್ಕೊಂದು ಸಹಿ ಹಾಕಿ, ಹಳೇದಕ್ಕೆ ರದ್ದು ಅಂತ ಬರೆದುಬಿಡಿ. ಪೂರ್ತಿ ಹಣ ಬರುತ್ತೆ."

ಮಾವ ಅದನ್ನು ಮುಟ್ಟಲಿಲ್ಲ. "ಈ ಹೊಸದು ಹೋದ್ರೆ ಗುಮಾಸ್ತ ಏನಂತಾನೆ? ಬಾಯಿಲೆಕ್ಕದವನಿಗೆ ತಲೆ ಹೋಯ್ತು ಅಂತಾನೆ. ನಾಳೆ ಪೇಟೆಗೆಲ್ಲ ಗೊತ್ತಾಗುತ್ತೆ. ಅದೇ ಹಳೇದು ಹೋದ್ರೆ, ಮೇಸ್ತ್ರಿ ಆಸ್ಪತ್ರೆಗೆ ಅಂತ ಕೈಬಿಟ್ಟು ಕೊಟ್ಟ ಅಂತಾರೆ. ನಾಲ್ಕು ಕಾಸು ಹೋಗ್ಲಿ ಬಿಡು. ನನ್ನ ಮಾನ ನಿನ್ನ ಕೈಲಿದೆ."

ಹಾಗೆಂದು ಕೈ ಹಿಡಿದುಕೊಂಡರು. ಹನ್ನೊಂದು ವರ್ಷದಲ್ಲಿ ಅವರು ಅವಳ ಕೈ ಹಿಡಿದದ್ದು ಅದೇ ಮೊದಲು. ಅಂಗೈ ಉಕ್ಕಿನಂತೆ ಗಡಸಾಗಿತ್ತು.

ಮರುದಿನ ಅವಳು ಹಳೆಯ ಬಿಲ್ಲನ್ನೇ ನೆಲಮಾಳಿಗೆಗೆ ಒಯ್ದಳು. ಗುಮಾಸ್ತರು ಸಹಿಗಳನ್ನು ಒಂದೊಂದಾಗಿ ನೋಡಿ ತಲೆಯೆತ್ತಿದರು.

"ಇದೇ ನಿಲ್ಲೋದಾ?"

"ಹೌದು ಸರ್. ಮಾವ ರಿಯಾಯಿತಿ ಕೊಟ್ಟಿದ್ದಾರೆ."

ಆ ಮನುಷ್ಯ ಅರ್ಥ ಮಾಡಿಕೊಂಡರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. "ರಿಯಾಯಿತಿ ಅಂತ ಕೆಳಗೆ ಒಂದು ಸಾಲು ಬರೆದು ನೀನೂ ಸಹಿ ಮಾಡು," ಎಂದರಷ್ಟೆ. ಅವಳು ಬರೆದಳು. ಚೆಕ್ಕು ಬಂದಾಗ ಹಳೆಯ ಬಿಲ್ಲೇ ಹೋದದ್ದು ಗಂಡನಿಗೆ ತಿಳಿಯಿತು. ಕೂಗಾಡಲಿಲ್ಲ. ಸ್ಟೀಲ್ ಅಂಗಡಿಗೆ ಹೋಗಿ ಇನ್ನೊಂದು ತಿಂಗಳ ಗಡುವು ಕೇಳಿಕೊಂಡು ಬಂದ. ಮೂರು ದಿನ ಅವಳು ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು ಎದ್ದ. ಅವಳು ಬಾಯಿ ಬಿಟ್ಟು ನಿಜ ಹೇಳಬೇಕೆಂದುಕೊಂಡಾಗಲೆಲ್ಲ ಮಾವ ಕೈ ಹಿಡಿದದ್ದು ನೆನಪಾಗುತ್ತಿತ್ತು. ಅಪ್ಪನಿಗೆ ಬರೀ ಕಣ್ಣು ಮಂಜು ಎಂದುಕೊಂಡೇ ಅವನು ಇದ್ದ.

ಆದರೆ ಸುಳ್ಳಿಗೂ ಕಾಲಿರುತ್ತದೆ, ಪೇಟೆ ಸುತ್ತಿ ಬರುತ್ತದೆ. ಮೇಸ್ತ್ರಿ ಈಗ ಧಾರಾಳವಾಗಿ ಬಿಡುತ್ತಾನಂತೆ ಎಂಬ ಮಾತು ಹಬ್ಬಿತು. ಶಾಲೆಯವರು ಕೇಳಿದರು, ಬೇಕರಿಯವನು ಕೇಳಿದ. ಮಾವನಿಗೆ ಇಲ್ಲವೆನ್ನಲು ಆಗುತ್ತಿರಲಿಲ್ಲ. ಆಸ್ಪತ್ರೆಗೆ ಕೊಟ್ಟವನು ನಮಗೇಕೆ ಕೊಡಲ್ಲ ಎಂದು ಯಾರಾದರೂ ಕೆದಕಿದರೆ ಎಂಬ ದಿಗಿಲಿಗೆ, "ಆಯ್ತು ಬಿಡಪ್ಪ, ತೆಗಿ" ಎನ್ನುವರು. ಬಿಲ್ ಪುಸ್ತಕ ಈಗ ಅವಳ ಕೈಯಲ್ಲಿತ್ತು, ಆದರೆ ಬಾಯಿ ಅವರದೇ ತಾನೆ.

ಕೊನೆಗೊಂದು ದಿನ ಲಾಂಡ್ರಿ ಅಂಗಡಿಯವನು ಶಟರಿನ ಹಣ ಕೊಟ್ಟು ಬಿಲ್ಲು ಬರೆಸಲು ಬಂದ. ಸ್ಟೂಲಿನ ಮೇಲಿದ್ದ ಮಾವನತ್ತ ತಿರುಗಿದ. "ಯಜಮಾನ್ರೇ, ಆಸ್ಪತ್ರೆಗೆ ಅಷ್ಟು ಬಿಟ್ರಂತೆ, ನನಗೊಂದು ಎರಡು ಸಾವಿರ?"

"ತೆಗಿಯಮ್ಮ ಎರಡು ಸಾವಿರ," ಎಂದರು ಮಾವ.

ಗಂಡ ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕೆ ಬಿಸಾಡಿದ. ಶೆಡ್ಡೆಲ್ಲ ಠಣ್ಣೆಂದಿತು. "ಏನ್ ರಿಯಾಯಿತಿ! ಯಾವ ರಿಯಾಯಿತಿ! ಅವರಿಗೆ ಕಣ್ಣೂ ಕಾಣಲ್ಲ, ಲೆಕ್ಕಾನೂ ಬರಲ್ಲ ಈಗ! ಆಸ್ಪತ್ರೆಗೆ ಕೊಟ್ಟಿದ್ದು ರಿಯಾಯಿತಿ ಅಲ್ಲಯ್ಯ, ತಪ್ಪು ಬರೆದಿದ್ದು!"

ಲಾಂಡ್ರಿಯವನು ಕೈಯಲ್ಲಿದ್ದ ನೋಟುಗಳನ್ನೇ ನೋಡುತ್ತ ನಿಂತ. ಗಂಡನಿಗೆ ತಾನೇನು ಹೇಳಿದೆನೆಂದು ಹೇಳಿದ ಮೇಲೆಯೇ ತಿಳಿದಂತಿತ್ತು. "ಅಪ್ಪ..." ಎಂದ.

ಮಾವ ಸ್ಟೂಲಿನಿಂದ ಎದ್ದರು. ಮೊಳೆಗೆ ನೇತುಹಾಕಿದ್ದ ಅಂಗಿಯನ್ನು ತೆಗೆದು ಹಾಕಿಕೊಂಡರು. ಗುಂಡಿ ಒಂದು ಮನೆ ತಪ್ಪಿತು, ಬಿಚ್ಚಿ ಮತ್ತೆ ಹಾಕಿದರು. ಅದೂ ತಪ್ಪಿತು, ಹಾಗೇ ಬಿಟ್ಟರು. ಯಾರನ್ನೂ ನೋಡದೆ ರಸ್ತೆ ದಾಟಿ ಮನೆಯತ್ತ ನಡೆದರು. ಗಂಡ ಹಿಂದೆಯೇ ಓಡಿದ. ಕರೆದ, ತೋಳು ಹಿಡಿದ. ಮಾವ ಕೊಸರಿಕೊಳ್ಳಲಿಲ್ಲ, ನಿಲ್ಲಲೂ ಇಲ್ಲ. ಆ ದಿನದ ಮೇಲೆ ಅವರು ಶೆಡ್ಡಿಗೆ ಕಾಲಿಡಲಿಲ್ಲ. ಡಾಕ್ಟರು ಮರೆವಿನ ಕಾಯಿಲೆ ಎಂದು ಹೆಸರು ಹೇಳಿದ್ದು, ಮಾತ್ರೆ ಬರೆದುಕೊಟ್ಟಿದ್ದು ಎಲ್ಲ ಆಮೇಲಿನ ಮಾತು.

ಲಾಂಡ್ರಿಯವನು ಇನ್ನೂ ಅಲ್ಲೇ ನಿಂತಿದ್ದ. "ನನಗೆ ಗೊತ್ತಿರ್ಲಿಲ್ಲ ಅಕ್ಕ," ಎಂದ. "ಎಷ್ಟಿದ್ಯೋ ಅಷ್ಟೇ ಬರೀರಿ."

ಅವಳು ಕಾರ್ಬನ್ ಹಾಳೆ ಸರಿಪಡಿಸಿ, ಪೂರ್ತಿ ಮೊತ್ತವನ್ನೇ ಬರೆದಳು. ಅಂಕಿಯಲ್ಲಿ ಬರೆದು, ಅಕ್ಷರದಲ್ಲೂ ಬರೆದಳು. ಅವನು ಎಣಿಸಿ ಕೊಟ್ಟ ಹಣವನ್ನು ಎಣಿಸದೆಯೇ ಡ್ರಾಯರಿಗೆ ಹಾಕಿ, ಶೆಡ್ಡಿನ ಬಾಗಿಲೆಳೆದು, ಮನೆಯ ಕಡೆ ಹೊರಟಳು.