ಕುಡಿಯಲು ನಿಂತಳು

ಒಂಬತ್ತನೇ ತರಗತಿಯ ಇಂಗ್ಲಿಷ್ ಟೀಚರ್ ಬೆಳಿಗ್ಗೆ ಸ್ಟಾಫ್ ರೂಮಿಗೆ ಬಂದು ನೋಡಿದರೆ, ತಾನು ತಿದ್ದಿಟ್ಟಿದ್ದ ಉತ್ತರಪತ್ರಿಕೆಗಳ ಮೇಲೆ ಇನ್ನೊಬ್ಬರ ಪೆನ್ನು ಓಡಾಡಿತ್ತು. ಅವಳು ಸರಿ ಎಂದು ಗುರುತು ಹಾಕಿದ್ದ ಒಂದು ಉತ್ತರವನ್ನು ಎಲ್ಲ ಪತ್ರಿಕೆಗಳಲ್ಲೂ ಹೊಡೆದುಹಾಕಿ, ಒಂದೊಂದು ಅಂಕ ಕಿತ್ತುಕೊಳ್ಳಲಾಗಿತ್ತು.

ಪ್ರಶ್ನೆ ಇಷ್ಟೇ. 'ದಿ ಗರ್ಲ್ ವಾಸ್ ಥರ್ಸ್ಟಿ, ಸೋ ಶಿ ಸ್ಟಾಪ್ಡ್' ಎಂದು ಬರೆದು, ಮುಂದೆ ಜಾಗ ಬಿಟ್ಟು, ಕೊನೆಗೆ 'ಸಮ್ ವಾಟರ್' ಎಂದಿತ್ತು. 'ಡ್ರಿಂಕ್' ಎಂಬ ಕ್ರಿಯಾಪದದ ಸರಿಯಾದ ರೂಪವನ್ನು ತುಂಬಬೇಕು. ಅವಳ ಮಕ್ಕಳು 'ಟು ಡ್ರಿಂಕ್' ಎಂದು ಬರೆದಿದ್ದರು.

"ಸಾರ್, ಇದನ್ನ ಯಾಕೆ ಹೊಡೆದಿದ್ದೀರಿ?"

ಇಂಗ್ಲಿಷ್ ವಿಭಾಗಕ್ಕೆ ಹಿರಿಯರಾದ, ಒಂಬತ್ತನೆಯ ಇನ್ನೊಂದು ಸೆಕ್ಷನ್‌ಗೆ ಪಾಠ ಮಾಡುವ ದೊಡ್ಡ ಮೇಷ್ಟ್ರು ಕನ್ನಡಕ ಒರೆಸುತ್ತಾ ಹೇಳಿದರು: "ಎಂಜಾಯ್, ಅವಾಯ್ಡ್, ಫಿನಿಶ್, ಸ್ಟಾಪ್. ಇವುಗಳ ಮುಂದೆ ಐಎನ್‌ಜಿ ಬರುತ್ತೆ ಕಣಮ್ಮ. ಎಂಜಾಯ್ ಟು ಗೋ ಅಂತೀವಾ? ಎಂಜಾಯ್ ಗೋಯಿಂಗ್ ಅಂತೀವಿ. ಹಾಗೇ ಸ್ಟಾಪ್ಡ್ ಡ್ರಿಂಕಿಂಗ್."

"ಎಂಜಾಯ್ ವಿಷಯ ಒಪ್ತೀನಿ ಸಾರ್. ಸ್ಟಾಪ್ ಹಾಗಲ್ಲ. ಎರಡೂ ಬರುತ್ತೆ, ಅರ್ಥ ಬೇರೆ."

"ನಾನು ಪಾಠ ಮಾಡೋಕೆ ಶುರು ಮಾಡಿದಾಗ ನೀನಿನ್ನೂ ಅಕ್ಷರ ತಿದ್ತಿದ್ದೆ. ಮಕ್ಕಳ ತಲೆ ಕೆಡಿಸಬೇಡ."

ಸುತ್ತ ಕೂತಿದ್ದವರೆಲ್ಲ ತಮ್ಮ ತಮ್ಮ ತಿಂಡಿ ಡಬ್ಬಿಯೊಳಗೆ ಏನೋ ಕಳೆದುಕೊಂಡವರಂತೆ ಹುಡುಕತೊಡಗಿದರು. ಮೇಷ್ಟ್ರು ತಪ್ಪು ಹೇಳಿದ್ದಕ್ಕಿಂತ, ತನ್ನ ಕೈಯಿಂದ ಬಿದ್ದ ಗುರುತನ್ನು ತನ್ನನ್ನು ಒಂದು ಮಾತೂ ಕೇಳದೆ ಅಳಿಸಿದ್ದು ಅವಳಿಗೆ ಹೆಚ್ಚು ಉರಿಯಿತು.

ತರಗತಿಯಲ್ಲಿ ಪತ್ರಿಕೆ ಹಂಚಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಹೀಗೆ ಬರೀರಿ ಅಂತ ನೀವೇ ಹೇಳಿಕೊಟ್ರಲ್ಲ?" ಆ ಮಗುವಿನ ದನಿಯಲ್ಲಿ ಜಗಳವಿರಲಿಲ್ಲ, ಬರೀ ಗಲಿಬಿಲಿ. ಟೀಚರಿಗೆ ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. "ನೀನು ಬರೆದಿದ್ದೇ ಸರಿ. ಕೂತ್ಕೋ, ನಾನು ನೋಡ್ತೀನಿ" ಎಂದಳು.

ಮನೆಯಲ್ಲಿ ಗಂಡ, "ಒಂದು ಅಂಕಕ್ಕೆ ಹೀಗೆ ಪಾತ್ರೆ ಕುಕ್ತೀಯಲ್ಲ, ಹೋಗ್ಲಿ ಬಿಡು" ಎಂದ.

ಅತ್ತೆ ಒಳಗಿನಿಂದಲೇ ಹೇಳಿದರು: "ಬಿಡಬೇಡ ಕಣೇ. ಇವತ್ತು ಬಿಟ್ರೆ ನಾಳೆ ನಿನ್ನ ಬಾಯಿಗೆ ಬೀಗ ಹಾಕ್ತಾರೆ. ಮೊದಲು ಆ ಪಾತ್ರೆ ಮೆತ್ತಗೆ ಇಡು."

ಅಷ್ಟಾದರೂ ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಮರುದಿನ ತಿಳಿದ ಸುದ್ದಿ ಗಾಯದ ಮೇಲೆ ಉಪ್ಪು ಸವರಿತು. ಶಾಲಾ ಸಮಿತಿಯ ಅಧ್ಯಕ್ಷರ ಮೊಮ್ಮಗನೂ 'ಟು ಡ್ರಿಂಕ್' ಎಂದೇ ಬರೆದಿದ್ದ. ಅವನ ತಾಯಿ ಬಂದು ಕೇಳಿದ್ದೇ ತಡ, ದೊಡ್ಡ ಮೇಷ್ಟ್ರು ಅವನೊಬ್ಬನಿಗೆ ಅಂಕ ವಾಪಸ್ ಕೊಟ್ಟಿದ್ದರು. ಉಳಿದ ಮಕ್ಕಳ ಉತ್ತರ ತಪ್ಪಾಗಿಯೇ ಉಳಿದಿತ್ತು.

ಟೀಚರ್ ಪತ್ರಿಕೆಗಳ ಕಟ್ಟನ್ನು ಎತ್ತಿಕೊಂಡು ನೇರ ಹೆಡ್‌ಮಿಸ್ ಕೋಣೆಗೆ ಹೋದಳು. ಅವರು ದೊಡ್ಡ ಮೇಷ್ಟ್ರನ್ನೂ ಕರೆಸಿದರು. ಹೆಡ್‌ಮಿಸ್ ವಿಜ್ಞಾನ ಓದಿದವರು. "ನಂಗೆ ನಿಮ್ಮ ವ್ಯಾಕರಣ ಅರ್ಥ ಆಗಲ್ಲ, ಬಿಡಿಸಿ ಹೇಳಿ" ಎಂದರು.

"ಕನ್ನಡದಲ್ಲೇ ಹೇಳ್ತೀನಿ ಮೇಡಂ. ಸ್ಟಾಪ್ಡ್ ಡ್ರಿಂಕಿಂಗ್ ಅಂದ್ರೆ ಕುಡಿಯೋದನ್ನ ನಿಲ್ಲಿಸಿದಳು ಅಂತ. ಸ್ಟಾಪ್ಡ್ ಟು ಡ್ರಿಂಕ್ ಅಂದ್ರೆ ಬೇರೇನೋ ಮಾಡ್ತಿದ್ದವಳು ಕುಡಿಯೋಕೆ ಅಂತ ನಿಂತಳು. ಆ ಹುಡುಗಿಗೆ ಬಾಯಾರಿಕೆ ಆಗಿತ್ತು ಅಂತ ಪ್ರಶ್ನೇಲೇ ಇದೆ. ಬಾಯಾರಿದವಳು ನೀರು ಕುಡಿಯೋದನ್ನ ನಿಲ್ಲಿಸ್ತಾಳಾ?"

ಹೆಡ್‌ಮಿಸ್ ನಗು ತಡೆದುಕೊಂಡರು. ಆಮೇಲೆ ನಗು ಮಾಯವಾಯಿತು. "ಮೇಷ್ಟ್ರೇ, ಒಬ್ಬನಿಗೆ ಸರಿಯಾಗಿದ್ದು ಉಳಿದವರಿಗೆ ಹೇಗೆ ತಪ್ಪಾಯ್ತು?"

"ಎರಡಕ್ಕೂ ಅಂಕ ಕೊಟ್ಟುಬಿಡೋಣ" ಎಂದರು ಮೇಷ್ಟ್ರು, ಗೋಡೆಯ ಕಡೆ ನೋಡುತ್ತಾ.

"ಕೊಡಿ ಸಾರ್" ಎಂದಳು ಟೀಚರ್. "ನಿಮ್ಮ ತರಗತಿ ಮಕ್ಕಳು ನೀವು ಕಲಿಸಿದ್ದನ್ನೇ ಬರೆದಿದ್ದಾರೆ, ಅವರದೇನೂ ತಪ್ಪಿಲ್ಲ. ಆದ್ರೆ ಎರಡೂ ಸರಿ ಅಂತ ಮಾತ್ರ ಹೇಳಬೇಡಿ. ಈ ವಾಕ್ಯಕ್ಕೆ ಒಂದೇ ಸರಿ. ಅದನ್ನ ಅವರಿಗೂ ಹೇಳಬೇಕು."

ಸಂಜೆಯೊಳಗೆ ಎಲ್ಲರ ಅಂಕ ವಾಪಸ್ ಬಂತು. ಆದರೆ ಮೇಷ್ಟ್ರು ತಮ್ಮ ತರಗತಿಯಲ್ಲಿ ಹೇಳಿದ್ದು ಇಷ್ಟೇ: "ಪ್ರಶ್ನೆಪತ್ರಿಕೆ ಅಚ್ಚಾಗೋವಾಗ ಏನೋ ಎಡವಟ್ಟಾಗಿದೆ." ಅದನ್ನು ಕೇಳಿದ ಟೀಚರಿಗೆ ಗೆದ್ದ ಸಂತೋಷವೆಲ್ಲ ಆರಿಹೋಯಿತು. ನಾಲಿಗೆ ತುದಿಯಲ್ಲಿ 'ತಪ್ಪಾಯ್ತು' ಎಂಬ ಒಂದು ಮಾತು ಇಡುವುದು ಮನುಷ್ಯನಿಗೆ ಇಷ್ಟು ಭಾರವೇ?

ಅವಳು ಹೆಡ್‌ಮಿಸ್ ಒಪ್ಪಿಗೆ ಪಡೆದು, ಮರುದಿನ ಮೇಷ್ಟ್ರ ತರಗತಿಗೇ ಹೋದಳು. ಕರಿಹಲಗೆಯ ಮೇಲೆ ಎರಡೂ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದಳು. ಮೇಷ್ಟ್ರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಅವಳು ಅವರತ್ತ ತಿರುಗಿಯೂ ನೋಡದೆ ಮಕ್ಕಳನ್ನು ಕೇಳಿದಳು:

"ಯಾವ ಹುಡುಗಿಯ ಬಾಯಾರಿಕೆ ತೀರಿತು, ಹೇಳಿ ನೋಡೋಣ."